ರೇಷ್ಮೆ ಹುಳುಮನೆ ಸಾಧನದ ಬಿಡುಗಡೆ ವಿಡಿಯೊ: 90 ಸೆಕೆಂಡಿನ ಸ್ಟೋರಿಬೋರ್ಡಿನಿಂದ 30 ಸೆಕೆಂಡಿನದನ್ನು ಹೇಗೆ ತೆಗೆಯಬೇಕು?

ಚಿಂತಾಮಣಿ ಹೊಸ ಉದ್ಯಮ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳತಿಯರು ಸೇರಿ ಚಿಂತಾಮಣಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಗಳಿಗಾಗಿ ಒಂದು ಸಣ್ಣ ಸಾಧನವನ್ನು ಸಿದ್ಧಪಡಿಸಿದ್ದೇವೆ. ಗೋಡೆಗೆ ತೂಗುಹಾಕುವ ಈ ಪೆಟ್ಟಿಗೆ ಹುಳುಮನೆಯ ಉಷ್ಣಾಂಶ ಮತ್ತು ತೇವಾಂಶವನ್ನು ಅಳೆದು ತನ್ನ ಮುಖದ ಮೇಲೆ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ರೈತರು ನಿಗದಿ ಮಾಡಿದ ಮಿತಿಯನ್ನು ದಾಟಿದಾಗ ಅವರ ಮೊಬೈಲಿಗೆ ಕರೆ ಮಾಡಿ ಕನ್ನಡದಲ್ಲಿಯೇ ತಿಳಿಸುತ್ತದೆ.

ಬಿಡುಗಡೆಗಾಗಿ 90 ಸೆಕೆಂಡಿನ ಒಂದು ವಿಡಿಯೊವನ್ನೂ, ಮೊಬೈಲಿನಲ್ಲಿ ಜಾಹೀರಾತಾಗಿ ಬಿಡುವುದಕ್ಕೆ 30 ಸೆಕೆಂಡಿನ ಇನ್ನೊಂದನ್ನೂ ಮಾಡಬೇಕೆಂದಿದ್ದೇವೆ. ದೊಡ್ಡದರ ಸ್ಟೋರಿಬೋರ್ಡ್ ಬರೆದಾಗಿದೆ. ನಂದಿ ಬೆಟ್ಟದ ಸೂರ್ಯೋದಯ, ಡ್ರೋನಿನಿಂದ ಹಿಪ್ಪುನೇರಳೆ ತೋಟ, ನಮ್ಮ ಲಾಂಛನ, ನಮ್ಮ ಮೂವರ ಪರಿಚಯ, ರಾತ್ರಿಯ ಚಳಿಯಲ್ಲಿ ರೈತರ ಆತಂಕ, ಸಾಧನ ಅಳವಡಿಸುವುದು, ಮೊಬೈಲ್ ಆ್ಯಪ್‌ನಲ್ಲಿ ಗ್ರಾಫ್, ನಡುರಾತ್ರಿ ಬರುವ ಕರೆ, ಮಧ್ಯಾಹ್ನದ ಬಿಸಿಲಿನಲ್ಲಿ ಬರುವ ಇನ್ನೊಂದು ಕರೆ, ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯ ತುಂಬ ಗೂಡು, ಶಿಡ್ಲಘಟ್ಟದ ಗೂಡು ಮಾರುಕಟ್ಟೆ, ಕುಟುಂಬದ ನಗು, ಕೊನೆಯಲ್ಲಿ ಮತ್ತೆ ಲಾಂಛನ ಮತ್ತು ಫೋನ್ ಸಂಖ್ಯೆ, ಇದು ಅದರ ಕ್ರಮ. ಇದರಿಂದ 30 ಸೆಕೆಂಡಿನದನ್ನು ತೆಗೆಯಲು ಯಾವ ಚೌಕಗಳನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಚಿತ್ರೀಕರಣ ಇನ್ನೂ ಆರಂಭವಾಗಿಲ್ಲ.

ಕೋಲಾರ ಕ್ಯಾಮೆರಾ

ನಾನು ಕೋಲಾರದಲ್ಲಿ ಮದುವೆ ಮತ್ತು ಸಮಾರಂಭಗಳ ಚಿತ್ರೀಕರಣ ಮಾಡುತ್ತೇನೆ. ಮೇಡಂ, ಈಗಲೇ 30 ಸೆಕೆಂಡಿನ ಬಗ್ಗೆ ಚಿಂತಿಸುವ ಅಗತ್ಯವಿಲ್ಲ ಎಂದು ನನ್ನ ಅಭಿಪ್ರಾಯ. ಮೊದಲು 90 ಸೆಕೆಂಡಿನದನ್ನು ಚೆನ್ನಾಗಿ ಮುಗಿಸಿ; ಅದು ಕೈಯಲ್ಲಿದ್ದರೆ ಪ್ರತಿ ದೃಶ್ಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಹಿನ್ನೆಲೆ ಧ್ವನಿಯ ವೇಗವನ್ನು ಸ್ವಲ್ಪ ಹೆಚ್ಚಿಸಿದರೆ ಕೆಲಸ ಮುಗಿಯುತ್ತದೆ. ಎರಡು ಗಂಟೆಯ ಮದುವೆಯಿಂದ ಮೂರು ನಿಮಿಷದ ಟೀಸರನ್ನು ನಾವು ಹೀಗೆಯೇ ತೆಗೆಯುತ್ತೇವೆ.

ಆದರೆ ಚಿತ್ರೀಕರಣದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಸಾಧನದಲ್ಲಿ ಕೆಂಪು ಎಲ್‌ಇಡಿ ಅಂಕಿಗಳಿವೆ ಎಂದಿದ್ದೀರಿ. ಅಂತಹ ಅಂಕಿಗಳು ಕಣ್ಣಿಗೆ ಸ್ಥಿರವಾಗಿ ಕಂಡರೂ ಸಾಮಾನ್ಯವಾಗಿ ಒಂದರ ನಂತರ ಒಂದು ಬಹಳ ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ಕ್ಯಾಮೆರಾದ ಶಟರ್ ವೇಗ ಹೆಚ್ಚಿದ್ದರೆ 32 ಎಂಬುದರಲ್ಲಿ 3 ಮಾತ್ರ ಕಾಣಬಹುದು, ಇಲ್ಲವೇ ಅಂಕಿಯ ಒಂದು ಗೆರೆ ಕಾಣೆಯಾಗಬಹುದು. ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರನ್ನು 1/50ರಲ್ಲಿ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಹುಳುಮನೆಯ ಟ್ಯೂಬ್‌ಲೈಟಿನ ಮಿಣುಕೂ ಅದರಿಂದ ತಪ್ಪುತ್ತದೆ. ಮೊಬೈಲಿನಲ್ಲಿ ಕೆಲವು ದೃಶ್ಯ ತೆಗೆಯುವುದಾದರೆ ಅದು ಸಾಮಾನ್ಯವಾಗಿ 30 ಫ್ರೇಮಿನಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಎರಡನ್ನೂ ಬೆರೆಸಿದರೆ ಚಲನೆಯಲ್ಲಿ ಜರ್ಕ್ ಕಾಣುತ್ತದೆ.

ತುಮಕೂರು ಸಂಕಲನ

ಶಟರ್ ಮತ್ತು ಫ್ರೇಮಿನ ಬಗ್ಗೆ ಕೋಲಾರದ ಗೆಳೆಯರು ಹೇಳಿರುವುದನ್ನು ಹಾಗೆಯೇ ಪಾಲಿಸಿ. ಆದರೆ 30 ಸೆಕೆಂಡಿನದನ್ನು ಆಮೇಲೆ ನೋಡಿಕೊಳ್ಳೋಣ ಎಂಬುದನ್ನು ನಾನು ಒಪ್ಪುವುದಿಲ್ಲ. ಮದುವೆಯ ಟೀಸರ್ ನೋಡುವವರಿಗೆ ವಧುವರರು ಮೊದಲೇ ಗೊತ್ತು, ಕಥೆಯೂ ಗೊತ್ತು. ಆದ್ದರಿಂದ ಅಲ್ಲಿ ತುಣುಕುಗಳು ಸಾಕಾಗುತ್ತವೆ. ಇಲ್ಲಿ ನೋಡುವವರಿಗೆ ಸಾಧನವೂ ಗೊತ್ತಿಲ್ಲ, ಅದು ಏನು ಮಾಡುತ್ತದೆಂಬುದೂ ಗೊತ್ತಿಲ್ಲ. ಹದಿಮೂರು ವಿಷಯಗಳನ್ನು ತಲಾ ಎರಡು ಸೆಕೆಂಡಿಗೆ ಇಳಿಸಿದರೆ ಪ್ರತಿಯೊಂದೂ ಕಣ್ಣಿಗೆ ಬೀಳುತ್ತದೆ, ಒಂದೂ ಅರ್ಥವಾಗುವುದಿಲ್ಲ. ಧ್ವನಿಯನ್ನು ವೇಗಗೊಳಿಸಿದರೆ ಮಾತು ಅವಸರದ್ದೆಂದು ಕೇಳುವವರಿಗೆ ತಕ್ಷಣ ತಿಳಿಯುತ್ತದೆ, ಅವಸರದಲ್ಲಿ ಮಾರುವವರ ಬಗ್ಗೆ ರೈತರಿಗೆ ನಂಬಿಕೆ ಬರುವುದಿಲ್ಲ.

ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ. ಯಾವ ಚೌಕಗಳನ್ನು ಉಳಿಸಬೇಕು ಎಂದು ಯೋಚಿಸುವ ಮೊದಲು, ಈ ಸಾಧನ ಮಾಡುವ ಯಾವ ಒಂದು ಕೆಲಸವನ್ನು ಒಬ್ಬ ಅಪರಿಚಿತರಿಗೆ 30 ಸೆಕೆಂಡಿನಲ್ಲಿ ಕಣ್ಣಾರೆ ತೋರಿಸಬಹುದು ಎಂದು ತೀರ್ಮಾನಿಸಿ. ನಿಮ್ಮ ಪಟ್ಟಿಯಲ್ಲಿ ಅಂತಹ ಘಟನೆ ಎರಡಿವೆ, ನಡುರಾತ್ರಿಯ ಕರೆ ಮತ್ತು ಮಧ್ಯಾಹ್ನದ ಕರೆ. ರಾತ್ರಿಯದು ಭಾವನಾತ್ಮಕವಾಗಿ ಬಲವಾಗಿದೆ ನಿಜ. ಆದರೆ ಈ ಜಾಹೀರಾತನ್ನು ರೈತರು ಹೊಲದಲ್ಲಿ, ಬಸ್ ನಿಲ್ದಾಣದಲ್ಲಿ, ಬಿಸಿಲಿನಲ್ಲಿ ಮೊಬೈಲ್ ಹಿಡಿದು ನೋಡುತ್ತಾರೆ. ಕತ್ತಲೆಯ ದೃಶ್ಯ ಬಿಸಿಲಿನಲ್ಲಿ ಬರೀ ಕಪ್ಪು ಪರದೆಯಾಗುತ್ತದೆ. ಮಧ್ಯಾಹ್ನದ ಘಟನೆ ಬೆಳಕಿನಲ್ಲಿ ನಡೆಯುತ್ತದೆ, ರೈತರು ಹುಳುಮನೆಯಿಂದ ದೂರದ ತೋಟದಲ್ಲಿ ಏಕಿದ್ದಾರೆಂದು ವಿವರಿಸಬೇಕಾದ ಅಗತ್ಯವೂ ಇಲ್ಲ. ನಾನು 30ಕ್ಕೆ ಅದೊಂದನ್ನೇ ತೆಗೆದುಕೊಳ್ಳುತ್ತೇನೆ. ನಂದಿ ಬೆಟ್ಟ, ಸ್ಥಾಪಕರ ಪರಿಚಯ, ಗ್ರಾಫ್, ಮಾರುಕಟ್ಟೆ ಎಲ್ಲವೂ ದೊಡ್ಡ ವಿಡಿಯೊದಲ್ಲೇ ಇರಲಿ.

ಸೆಕೆಂಡುಗಳ ಲೆಕ್ಕ ಹೀಗೆ ಬರಬಹುದು. ಮೊದಲ ಮೂರು ಸೆಕೆಂಡು ಹುಳುಮನೆಯ ಒಳಗೆ, ಅಂಚು ಒಣಗಿದ ಸೊಪ್ಪಿನ ಮೇಲೆ ತಲೆಯೆತ್ತಿ ಸುಮ್ಮನಿರುವ ಹುಳುಗಳು, ಅದರ ಹಿಂದೆಯೇ ಸಾಧನದ ಮುಖದಲ್ಲಿ 33. ಮೂರರಿಂದ ಎಂಟರವರೆಗೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿರುವ ರೈತರಿಗೆ ಕರೆ ಬರುತ್ತದೆ, ಸಾಧನದ ಧ್ವನಿ ಮಾತನಾಡುತ್ತದೆ. ಎಂಟರಿಂದ ಹದಿನಾರರವರೆಗೆ ಅವರು ಬಂದು ಕಿಟಕಿಯ ಗೋಣಿತಾಟನ್ನು ನೆನೆಸುವುದು. ಇದಕ್ಕೆ ಅತಿ ಹೆಚ್ಚು ಸಮಯ ಕೊಟ್ಟಿದ್ದೇನೆ, ಏಕೆಂದರೆ ನೋಡುವವರು ತಮ್ಮದೇ ಕೆಲಸವನ್ನು ಇಲ್ಲಿ ಗುರುತಿಸಬೇಕು. ಹದಿನಾರರಿಂದ ಇಪ್ಪತ್ತರವರೆಗೆ ಅಂಕಿ 27ಕ್ಕೆ ಇಳಿದು ಹುಳುಗಳು ಮೇಯುತ್ತಿರುವುದು. ಇಪ್ಪತ್ತರಿಂದ ಇಪ್ಪತ್ತೈದರವರೆಗೆ ಗೋಡೆಯ ಮೇಲಿನ ಸಾಧನ ಪೂರ್ತಿಯಾಗಿ, ರೈತರ ಜೊತೆ. ಕೊನೆಯ ಐದು ಸೆಕೆಂಡು ಹೆಸರು ಮತ್ತು ಫೋನ್ ಸಂಖ್ಯೆ ಅಲುಗಾಡದೆ ನಿಲ್ಲಬೇಕು. ಹತ್ತು ಅಂಕಿಗಳನ್ನು ಓದಿ ಬರೆದುಕೊಳ್ಳಲು ಎರಡು ಸೆಕೆಂಡು ಸಾಲುವುದಿಲ್ಲ.

ಯೂಟ್ಯೂಬಿನಲ್ಲಿ ಬಿಟ್ಟುಹೋಗಬಹುದಾದ ಜಾಹೀರಾತಾಗಿ ಹಾಕಿದರೆ ಐದನೆಯ ಸೆಕೆಂಡಿಗೆ ಸ್ಕಿಪ್ ಗುಂಡಿ ಬರುತ್ತದೆ. ಅಷ್ಟರೊಳಗೆ ಹುಳು, ಅಂಕಿ, ಫೋನ್ ಮೂರೂ ಕಂಡಿರಬೇಕು ಎಂಬ ಕಾರಣಕ್ಕೇ ಲಾಂಛನವನ್ನು ಮೊದಲು ಇಟ್ಟಿಲ್ಲ.

ಪಾವಗಡ ಗಾಣ

ನಾವು ಪಾವಗಡದಲ್ಲಿ ಶೇಂಗಾ ಎಣ್ಣೆಯ ಗಾಣ ನಡೆಸುತ್ತೇವೆ. ವಿಡಿಯೊವನ್ನು ಸಣ್ಣದು ಮಾಡುವುದಕ್ಕೆ ಇಷ್ಟೊಂದು ಕಷ್ಟಪಡಬೇಕಾಗಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವಿದೆ, ಅದರಲ್ಲಿ ಹಾಕಿದರೆ ದೊಡ್ಡ ಕಡತವೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಷ್ಟು ಚಿಕ್ಕದಾಗುತ್ತದೆ. ನಮ್ಮ ಗಾಣದ ವಿಡಿಯೊವನ್ನು ಹಾಗೆಯೇ ಮಾಡಿ ಎಲ್ಲ ಗುಂಪುಗಳಿಗೂ ಹಂಚಿದ್ದೇವೆ. ಒಂದೇ ತೊಂದರೆಯೆಂದರೆ ಕೊನೆಯಲ್ಲಿ ನಮ್ಮ ವಿಳಾಸ ಮಸುಕಾಗಿ ಕಾಣುತ್ತದೆ. ಇದಕ್ಕೆ ಪರಿಹಾರವಿದೆಯೇ?

ತುಮಕೂರು ಸಂಕಲನ

ಪಾವಗಡದ ಅಣ್ಣಾ, ಅವರು ಕೇಳುತ್ತಿರುವುದು ಅವಧಿಯ ಬಗ್ಗೆ, ಕಡತದ ಗಾತ್ರದ ಬಗ್ಗೆ ಅಲ್ಲ. ಆದರೆ ನಿಮ್ಮ ತೊಂದರೆ ಅವರಿಗೂ ಬರುವಂಥದ್ದೇ. ನೀವು ಒಮ್ಮೆ ಒತ್ತಿ ಚಿಕ್ಕದು ಮಾಡಿದ ವಿಡಿಯೊವನ್ನು ವಾಟ್ಸ್‌ಆ್ಯಪ್ ಕಳುಹಿಸುವಾಗ ಇನ್ನೊಮ್ಮೆ ಒತ್ತುತ್ತದೆ, ಮೊದಲು ಹಾಳಾಗುವುದು ಸಣ್ಣ ಅಕ್ಷರ. ದಾಖಲೆಯಾಗಿ, ಅಂದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮತ್ತೆ ಒತ್ತುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೊನೆಯ ಪರದೆಯಲ್ಲಿ ಪೂರ್ಣ ವಿಳಾಸವನ್ನು ಬಿಟ್ಟು ಊರು ಮತ್ತು ಫೋನ್ ಸಂಖ್ಯೆಯನ್ನು ಮಾತ್ರ ದಪ್ಪವಾಗಿ, ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಹಾಕಿ. ಹಿಂದೆ ಗಾಣ ತಿರುಗುತ್ತಿದ್ದರೆ ಆ ಚಲನೆಗೇ ಹೆಚ್ಚು ದತ್ತಾಂಶ ಖರ್ಚಾಗಿ ಅಕ್ಷರಗಳ ಅಂಚು ಒಡೆಯುತ್ತದೆ.

ಶಿಡ್ಲಘಟ್ಟ ಹುಳುಮನೆ

ನಾನು ವಿಡಿಯೊ ಬಲ್ಲವನಲ್ಲ, ಆದರೆ ಹುಳು ಸಾಕುವವನು. ಮಗಳೇ, ನಿಮ್ಮ ಯೋಜನೆಯಲ್ಲಿ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು.

ಮೊದಲನೆಯದು, ಹುಳು ನಿಮ್ಮ ಚಿತ್ರೀಕರಣದ ದಿನಕ್ಕೆ ಕಾಯುವುದಿಲ್ಲ. ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳು ಮೇಯುವುದಿಲ್ಲ, ಆ ಸಮಯದಲ್ಲಿ ಅದನ್ನು ಅಲುಗಾಡಿಸಲೂ ಬಾರದು. ಜ್ವರ ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಸುಮಾರು ಒಂದು ವಾರ ಸಿಗುತ್ತದೆ, ಅದರ ನಡುವಿನ ದಿನಗಳಲ್ಲಿ ಹುಳು ಚೆನ್ನಾಗಿ ಮೇಯುತ್ತದೆ. ಮೇಯುವ ದೃಶ್ಯ ಮತ್ತು ಚಂದ್ರಿಕೆಯ ಗೂಡಿನ ದೃಶ್ಯ ಎರಡನ್ನೂ ಒಂದೇ ದಿನ ಒಂದೇ ಮನೆಯಲ್ಲಿ ತೆಗೆಯಲು ಸಾಧ್ಯವಿಲ್ಲ.

ಎರಡನೆಯದು, ಬಾಗಿಲು. ಊಜಿ ನೊಣ ಬಾರದಿರಲೆಂದು ನಾವು ಬಾಗಿಲು ಕಿಟಕಿಗಳಿಗೆ ಬಲೆ ಹಾಕಿರುತ್ತೇವೆ. ಕ್ಯಾಮೆರಾದವರು ತಂತಿ ಎಳೆಯಲೆಂದು ಬಲೆಯನ್ನು ಎತ್ತಿಟ್ಟರೆ ನಷ್ಟ ನಮ್ಮದಾಗುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆದು ಬರಬೇಕು, ಸುಗಂಧ ಹಾಕಿಕೊಂಡು ಬರಬಾರದು. ಬಿಸಿ ಕಾರುವ ದೀಪಗಳನ್ನು ಒಳಗೆ ತರಲು ನಾನಂತೂ ಬಿಡುವುದಿಲ್ಲ.

ಮೂರನೆಯದು ನನಗೆ ಅತಿ ಮುಖ್ಯವಾಗಿ ಕಾಣುತ್ತದೆ. ದೊಡ್ಡ ಹುಳುವಿಗೆ 24 ರಿಂದ 26 ಡಿಗ್ರಿ ಇದ್ದರೆ ಹಿತ. 33ಕ್ಕೆ ಏರಿದ ಮನೆಯನ್ನು ಒದ್ದೆ ಗೋಣಿತಾಟಿನಿಂದ ನಾಲ್ಕು ಸೆಕೆಂಡಿನಲ್ಲಿ 27ಕ್ಕೆ ಇಳಿಸಿ ತೋರಿಸಿದರೆ ಯಾವ ರೈತನೂ ನಂಬುವುದಿಲ್ಲ. ಗಾಳಿ ಒಣಗಿದ್ದರೆ ಕೆಲವು ಡಿಗ್ರಿ ಇಳಿಯುತ್ತದೆ, ಅದಕ್ಕೂ ಹೊತ್ತು ಬೇಕು; ಮೋಡ ಮುಚ್ಚಿ ಸೆಕೆಯಿದ್ದ ದಿನ ಇಳಿಯುವುದೇ ಇಲ್ಲ, ಮೇಲಾಗಿ ತೇವ ಹೆಚ್ಚಿ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ. ಸಾಧನ ಕರೆ ಮಾಡುತ್ತದೆಯೇ ಹೊರತು ಮನೆಯನ್ನು ತಂಪು ಮಾಡುವುದಿಲ್ಲವಲ್ಲ.

ತುಮಕೂರು ಸಂಕಲನ

ಯಜಮಾನರು ಹೇಳಿದ ಮೂರನೆಯ ಮಾತಿನಿಂದ ಸ್ಟೋರಿಬೋರ್ಡಿನ ಒಂದು ಚೌಕವೇ ಬದಲಾಗಬೇಕು. ಹದಿನಾರರಿಂದ ಇಪ್ಪತ್ತರವರೆಗಿನ ಚಿತ್ರದಲ್ಲಿ 27 ಬೇಡ. ಮೊದಲ ಅಂಕಿಯನ್ನು 32 ಮಾಡಿ, ಇಲ್ಲಿ 30 ತೋರಿಸಿ, ಗೋಡೆಯ ಮೇಲಿನ ಬಿಸಿಲಿನ ಪಟ್ಟಿ ಸರಿದಿರುವುದನ್ನು ಅದೇ ಚೌಕಟ್ಟಿನಲ್ಲಿ ಕಾಣಿಸಿ. ಹೊತ್ತು ಕಳೆದಿದೆ ಎಂಬುದು ಅಕ್ಷರವಿಲ್ಲದೆಯೇ ತಿಳಿಯುತ್ತದೆ. ಅದಕ್ಕಾಗಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಒಂದೇ ಜಾಗದಲ್ಲಿ ಬಿಟ್ಟು, ಹೊತ್ತು ಬಿಟ್ಟು ಎರಡು ಬಾರಿ ತೆಗೆಯಬೇಕಾಗುತ್ತದೆ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ತಪ್ಪುದಾರಿಗೆಳೆಯುವ ಜಾಹೀರಾತುಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿದೆ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರಾ ಕೂಡ ಅದೇ ಭಾಷೆಯಲ್ಲಿರಬೇಕೆಂದು ಅದರಲ್ಲಿದೆ. ರೋಗ ಬಾರದು, ಬೆಳೆ ಖಚಿತ ಎಂಬಂತಹ ಮಾತು ಹಾಕಿ ಕೆಳಗೆ ಸಣ್ಣ ಇಂಗ್ಲಿಷ್ ಸಾಲಿನಲ್ಲಿ ಜಾರಿಕೊಳ್ಳುವ ದಾರಿ ಇಲ್ಲ, ಇರಲೂಬಾರದು.

ಹಿನ್ನೆಲೆ ಮಾತನ್ನು 30ಕ್ಕೆ ಬೇರೆಯಾಗಿಯೇ ಬರೆಯಿರಿ, ದೊಡ್ಡದರಿಂದ ವಾಕ್ಯಗಳನ್ನು ಕತ್ತರಿಸಿ ಅಂಟಿಸಬೇಡಿ. ನಮ್ಮ ಭಾಷೆಯ ಪದಗಳು ಉದ್ದ. ಮೂವತ್ತು ಸೆಕೆಂಡಿನ ತುಂಬ ಮಾತನಾಡಿದರೂ ಐವತ್ತು ಪದ ದಾಟಿದರೆ ಉಸಿರು ಕಟ್ಟುತ್ತದೆ, ಕೊನೆಯ ಪರದೆಗೂ ಫೋನಿನ ಧ್ವನಿಗೂ ಜಾಗ ಬಿಟ್ಟರೆ ಅದರ ಅರ್ಧವೇ ಸಾಕು. ನಾನಾದರೆ ಹೀಗೆ ಬರೆಯುತ್ತೇನೆ: “ಸೊಪ್ಪು ಕೊಯ್ಯಲು ನೀವು ತೋಟದಲ್ಲಿದ್ದಾಗ ಹುಳುಮನೆಯ ಬಿಸಿಯನ್ನು ನೋಡುವವರು ಯಾರು? ಬಿಸಿ ಏರಿದರೆ ಈ ಸಾಧನ ನಿಮಗೆ ಕನ್ನಡದಲ್ಲೇ ಕರೆ ಮಾಡಿ ತಿಳಿಸುತ್ತದೆ. ಗೋಣಿತಾಟನ್ನು ನೆನೆಸುವ ಕೆಲಸ ನಿಮ್ಮದು, ನೆನಪಿಸುವ ಕೆಲಸ ಇದರದು.” ಕೊನೆಯ ವಾಕ್ಯ ಯಜಮಾನರ ಆಕ್ಷೇಪಕ್ಕೂ ಉತ್ತರವಾಗುತ್ತದೆ ಎಂದುಕೊಂಡಿದ್ದೇನೆ.

ಚಿಂತಾಮಣಿ ಹೊಸ ಉದ್ಯಮ

ಎಲ್ಲರಿಗೂ ಅನಂತ ಧನ್ಯವಾದಗಳು. ಎರಡು ಸಂದೇಹಗಳು ಉಳಿದಿವೆ. ದೊಡ್ಡ ವಿಡಿಯೊವನ್ನು ಅಡ್ಡವಾಗಿ ತೆಗೆಯುತ್ತೇವೆ, 30 ಸೆಕೆಂಡಿನದು ಮೊಬೈಲಿನಲ್ಲಿ ನಿಂತ ಚೌಕಟ್ಟಿಗೆ ಬೇಕು; ಎರಡು ಬಾರಿ ಚಿತ್ರೀಕರಿಸುವಷ್ಟು ಹಣ ನಮ್ಮಲ್ಲಿಲ್ಲ. ಇನ್ನೊಂದು, 32 ಡಿಗ್ರಿ ತೋರಿಸಲು ನಿಜವಾಗಿ ಹುಳುಮನೆಯನ್ನು ಬಿಸಿಯಾಗಲು ಬಿಡಲಾಗದು. ಸಾಧನದ ಸೆನ್ಸರನ್ನು ಹೊರಗೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಅಂಕಿಯನ್ನು ಮಾತ್ರ ತೆಗೆದರೆ ಅದು ಮೋಸವಾಗುತ್ತದೆಯೇ?

ತುಮಕೂರು ಸಂಕಲನ

ಮೊದಲನೆಯದಕ್ಕೆ ಉತ್ತರ ಕಾಗದದ ಮೇಲೆಯೇ ಇದೆ. ಸ್ಟೋರಿಬೋರ್ಡಿನ ಪ್ರತಿಯೊಂದು ಅಡ್ಡ ಚೌಕದೊಳಗೆ ಎರಡು ನಿಂತ ಗೆರೆ ಎಳೆಯಿರಿ, ಅವುಗಳ ನಡುವಿನ ಅಗಲ ಇಡೀ ಚೌಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಇರಲಿ. 30ಕ್ಕೆ ಹೋಗುವ ಚಿತ್ರಗಳಲ್ಲಿ ಮುಖ್ಯವಾದದ್ದೆಲ್ಲ ಆ ಪಟ್ಟಿಯೊಳಗೆ ಬರಬೇಕು. ಕರೆ ಬರುವ ದೃಶ್ಯದಲ್ಲಿ ರೈತರು ಎಡಕ್ಕೆ, ಫೋನ್ ಬಲಕ್ಕೆ ಇದ್ದರೆ ನಿಂತ ಚೌಕಟ್ಟಿನಲ್ಲಿ ಒಂದು ಕಳೆದುಹೋಗುತ್ತದೆ. ಫೋನನ್ನು ಎದೆಯ ಮುಂದೆ ಹಿಡಿದರೆ ಎರಡೂ ಉಳಿಯುತ್ತವೆ. ಚಿತ್ರೀಕರಣ 4ಕೆ ಯಲ್ಲಿರಲಿ. 3840 ಅಗಲ 2160 ಎತ್ತರದ ಚಿತ್ರದಿಂದ ಕತ್ತರಿಸಿದ ನಿಂತ ಪಟ್ಟಿ 1215 ಪಿಕ್ಸೆಲ್ ಅಗಲ ಸಿಗುತ್ತದೆ, ಮೊಬೈಲಿಗೆ ಬೇಕಾದದ್ದು 1080. ಫುಲ್ ಎಚ್‌ಡಿಯಲ್ಲಿ ತೆಗೆದರೆ ಸಿಗುವುದು ಸುಮಾರು 608 ಮಾತ್ರ, ಹಿಗ್ಗಿಸಿದಾಗ ಮಂಜಾಗುತ್ತದೆ. ಅಕ್ಷರಗಳನ್ನು ಮಾತ್ರ ಅಡ್ಡ ವಿಡಿಯೊದಿಂದ ಎತ್ತಿಕೊಳ್ಳಬೇಡಿ. ಅಕ್ಷರವಿಲ್ಲದ ಒಂದು ಪ್ರತಿಯನ್ನು ಸಂಕಲನಕಾರರಿಂದ ಕೇಳಿ ಪಡೆದಿಟ್ಟುಕೊಳ್ಳಿ.

ಎರಡನೆಯದರ ಬಗ್ಗೆ ನನ್ನ ನಿಲುವು ಇಷ್ಟು: ಸಾಧನ 32ಕ್ಕೆ ಕರೆ ಮಾಡುವುದು ನಿಜವಾಗಿದ್ದರೆ, ಆ ಸನ್ನಿವೇಶವನ್ನು ಅಭಿನಯಿಸಿ ತೋರಿಸುವುದರಲ್ಲಿ ತಪ್ಪಿಲ್ಲ. ಅಂಕಿಯನ್ನು ಕಂಪ್ಯೂಟರಿನಲ್ಲಿ ಬರೆದು ಅಂಟಿಸಬೇಡಿ, ಸಾಧನವೇ ತೋರಿಸಲಿ. ಕರೆಯೂ ಅದರಿಂದಲೇ ಬರಲಿ.

ಶಿಡ್ಲಘಟ್ಟ ಹುಳುಮನೆ

ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಒಣಗಿದ ಸೊಪ್ಪಿನ ಮೇಲಿನ ಹುಳುವನ್ನು ಒಂದು ದಿನ ತೆಗೆದು, ಬಿಸಿ ಅಂಕಿಯನ್ನು ಇನ್ನೊಂದು ಕಡೆ ತೆಗೆದು ಜೋಡಿಸಿದರೆ, ಬಿಸಿಯಿಂದಲೇ ಹುಳು ಹೀಗಾಯಿತೆಂದು ನೋಡುವವರು ತಿಳಿಯುತ್ತಾರೆ. ಏಪ್ರಿಲ್‌ವರೆಗೆ ಕಾದು ನಿಜವಾದ ಬಿಸಿಲಿನ ಮಧ್ಯಾಹ್ನ ತೆಗೆಯುವುದು ನನಗೆ ಸರಿ ಕಾಣುತ್ತದೆ.

ಕೋಲಾರ ಕ್ಯಾಮೆರಾ

ಬಿಡುಗಡೆಯ ದಿನ ಗೊತ್ತಾಗಿರುವವರು ಏಪ್ರಿಲ್‌ವರೆಗೆ ಕಾಯಲಾರರು ಯಜಮಾನರೇ. ಮೊದಲ ಮೂರು ಸೆಕೆಂಡಿನಿಂದ ಹುಳುವನ್ನು ತೆಗೆದು, ಬರೀ ಒಣಗಿದ ಸೊಪ್ಪು ಮತ್ತು ಅಂಕಿಯನ್ನು ಇಟ್ಟರೆ ಹೇಗೆ? ಬಿಸಿಗೆ ಸೊಪ್ಪು ಬೇಗ ಒಣಗುವುದಂತೂ ನಿಜ. ದೀಪದ ವಿಷಯದಲ್ಲಿ ನಿಮ್ಮ ಮಾತಿಗೆ ನಾನು ಬದ್ಧ. ಹ್ಯಾಲೊಜನ್ ಬೇಡ, ಕಿಟಕಿಯ ಬೆಳಕಿನ ಎದುರು ಒಂದು ಬಿಳಿ ಥರ್ಮೊಕೋಲ್ ಹಲಗೆ ಹಿಡಿದರೆ ಹುಳುಮನೆಯ ಒಳಗೆ ಸಾಕಷ್ಟು ಬೆಳಕಾಗುತ್ತದೆ.

ತುಮಕೂರು ಸಂಕಲನ

ಹುಳುವಿಲ್ಲದ ಮೊದಲ ಚೌಕ ದುರ್ಬಲವಾಗುತ್ತದೆಂದು ನನಗೆ ಅನ್ನಿಸುತ್ತದೆ. ರೇಷ್ಮೆ ಬೆಳೆಗಾರರ ಬೆರಳು ಮೊಬೈಲಿನ ಮೇಲೆ ನಿಲ್ಲುವುದು ಹುಳುವನ್ನು ಕಂಡಾಗ. ಆದರೆ ಊಹೆಯ ಮೇಲೆ ವಾದ ಮಾಡುವ ಬದಲು ಎರಡನ್ನೂ ಪರೀಕ್ಷಿಸಬಹುದು. ಸ್ಟೋರಿಬೋರ್ಡಿನ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಗೊತ್ತುಮಾಡಿದ ಸೆಕೆಂಡುಗಳಿಗೆ ಜೋಡಿಸಿ, ನಿಮ್ಮದೇ ಧ್ವನಿಯಲ್ಲಿ ಮಾತು ಹಾಕಿ. ಪೂರ್ತಿ 750 ಫ್ರೇಮ್ ಬರಬೇಕು, ಒಂದೂ ಹೆಚ್ಚಬಾರದು. ಅದನ್ನು ಸಾಧನದ ಬಗ್ಗೆ ಏನೂ ತಿಳಿಯದ ನಾಲ್ಕಾರು ಬೆಳೆಗಾರರಿಗೆ ಮೊದಲು ಶಬ್ದವಿಲ್ಲದೆ ತೋರಿಸಿ, ಇದು ಏನು ಮಾಡುತ್ತದೆ ಎಂದು ಕೇಳಿ. ‘ಫೋನ್ ಬರುತ್ತದೆ’ ಎಂದು ಉತ್ತರ ಬಂದರೆ ಚೌಕಗಳು ಸರಿಯಾಗಿವೆ. ‘ಮನೆಯನ್ನು ತಂಪು ಮಾಡುತ್ತದೆ’ ಎಂದು ಬಂದರೆ ಗೋಣಿತಾಟಿನ ದೃಶ್ಯದಲ್ಲಿ ರೈತರ ಕೈ ಇನ್ನೂ ಸ್ಪಷ್ಟವಾಗಿ ಕಾಣಬೇಕು. ಪೆನ್ಸಿಲ್ ಚಿತ್ರದಲ್ಲಿ ಇದನ್ನು ತಿದ್ದಲು ಹಣ ಬೇಕಿಲ್ಲ.

ಸಂಗೀತದ ಬಗ್ಗೆ ಒಂದೇ ಮಾತು. ದೊಡ್ಡ ವಿಡಿಯೊದ ಸಂಗೀತವನ್ನು 30ನೇ ಸೆಕೆಂಡಿನಲ್ಲಿ ಮೆಲ್ಲಗೆ ಕುಗ್ಗಿಸಿ ನಿಲ್ಲಿಸಬೇಡಿ, ಅರ್ಧಕ್ಕೆ ನಿಂತಂತೆ ಕೇಳುತ್ತದೆ. ಅದರ ನಿಜವಾದ ಮುಕ್ತಾಯವನ್ನು 30ನೇ ಸೆಕೆಂಡಿಗೆ ಕೂರಿಸಿ, ಹಿಂದಕ್ಕೆ ಬರುತ್ತ ನಡುವೆ ತಾಳ ಕೂಡುವ ಜಾಗದಲ್ಲಿ ಬೆಸುಗೆ ಹಾಕಿ. ಮೇಯುವ ದೃಶ್ಯದಲ್ಲಿ ಸಂಗೀತವನ್ನು ತಗ್ಗಿಸಿ, ಹುಳುಗಳು ಸೊಪ್ಪು ತಿನ್ನುವ ಸೋನೆಮಳೆಯಂತಹ ಸದ್ದನ್ನು ಕೇಳಿಸಿ. ಅದನ್ನು ಫ್ಯಾನ್ ಆರಿಸಿ, ಬೇರೆ ಮೈಕಿನಲ್ಲಿ ಹತ್ತಿರದಿಂದ ಹಿಡಿಯಬೇಕು.

ಚಿಂತಾಮಣಿ ಹೊಸ ಉದ್ಯಮ

ಮೊದಲ ಚೌಕವನ್ನು ಎರಡು ಬಗೆಯಲ್ಲಿ ಬರೆದು, ಈ ವಾರವೇ ಚಿತ್ರಗಳನ್ನು ಜೋಡಿಸಿ ಬೆಳೆಗಾರರಿಗೆ ತೋರಿಸುತ್ತೇವೆ. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತನಾಡುವ ಬೆಳೆಗಾರರು ಬಹಳ ಮಂದಿ ಇದ್ದಾರೆ. ಸಾಧನವೂ ತೆಲುಗಿನಲ್ಲಿ ಕರೆ ಮಾಡುವಂತೆ ಮಾಡುತ್ತಿದ್ದೇವೆ. ಅದೇ ಚಿತ್ರಗಳಿಗೆ ತೆಲುಗು ಮಾತು ಹಾಕಿದರೆ ಸಾಕೇ, ಇಲ್ಲವೇ ಫೋನಿನ ದೃಶ್ಯವನ್ನು ಬೇರೆಯಾಗಿ ತೆಗೆಯಬೇಕೇ?

ತುಮಕೂರು ಸಂಕಲನ

ಫೋನಿನಲ್ಲಿ ಮಾತನಾಡುವುದು ಸಾಧನ, ರೈತರ ತುಟಿ ಅಲುಗುವುದಿಲ್ಲ. ಆದ್ದರಿಂದ ಅದೇ ಚಿತ್ರ ಸಾಕು. ಪರದೆಯ ಮೇಲೆ ಕನ್ನಡ ಅಕ್ಷರ ಕಾಣುವ ಒಂದು ಹತ್ತಿರದ ಚಿತ್ರವಿದ್ದರೆ ಅದನ್ನು ಮಾತ್ರ ತೆಲುಗಿನಲ್ಲಿ ಇನ್ನೊಮ್ಮೆ ತೆಗೆದಿಟ್ಟುಕೊಳ್ಳಿ. ಪ್ರತಿ ದೃಶ್ಯವನ್ನೂ ಬೇಕಾದುದಕ್ಕಿಂತ ಎರಡು ಸೆಕೆಂಡು ಮೊದಲೇ ಆರಂಭಿಸಿ ಎರಡು ಸೆಕೆಂಡು ತಡವಾಗಿ ನಿಲ್ಲಿಸಿದ್ದರೆ ಮಾತಿನ ಉದ್ದ ಬೇರೆಯಾದರೂ ಹೊಂದಿಸಬಹುದು.

ಶಿಡ್ಲಘಟ್ಟ ಹುಳುಮನೆ

ನಮ್ಮ ಮನೆಯಲ್ಲಿ ಈಗ ಹುಳು ಮೂರನೇ ಜ್ವರದಲ್ಲಿದೆ. ನಾಲ್ಕನೆಯದು ಎದ್ದ ಮೂರನೆಯ ದಿನ ಬಂದರೆ ಚೆನ್ನಾಗಿ ಮೇಯುವುದು ಸಿಗುತ್ತದೆ, ದಿನವನ್ನು ನಾನೇ ತಿಳಿಸುತ್ತೇನೆ. ಒಳಗೆ ಇಬ್ಬರಿಗಿಂತ ಹೆಚ್ಚು ಮಂದಿ ಬೇಡ. ಚಂದ್ರಿಕೆಯ ದೃಶ್ಯಕ್ಕೆ ಬೇರೆ ದಿನ ಬರಬೇಕಾಗುತ್ತದೆ, ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೂರನೆಯ ದಿನದ ಹೊತ್ತಿಗೆ ಗೂಡು ಕಟ್ಟಿ ಮುಗಿಸಿರುತ್ತದೆ.